ಅದೇ ಅಲರ್ಟ್, ಅದೇ ಟಿಕೆಟ್

ರಾತ್ರಿ ಎರಡಕ್ಕೆ `db-01` ಸರ್ವರಿನ ಡಿಸ್ಕ್ ಶೇ. 90ರ ಗಡಿ ದಾಟಿತು ಎನ್ನಿ. ಅದನ್ನು ಗಮನಿಸಿದ ಪ್ರೊಮಿಥಿಯಸ್, ಅಲರ್ಟ್‌ಮ್ಯಾನೇಜರ್ ಮೂಲಕ ಸ್ಕ್ರಿಪ್ಟಿಗೆ ಸುದ್ದಿ ಮುಟ್ಟಿಸುತ್ತದೆ. ಸ್ಕ್ರಿಪ್ಟ್ ಟಿಕೆಟ್ ತೆರೆಯುತ್ತದೆ. ಯಾರೂ ಸರಿಪಡಿಸದಿದ್ದರೆ ಅದೇ ಸುದ್ದಿ ಮತ್ತೆ ಬರುತ್ತದೆ, ನಾವು ಬೇರೆ ಸಮಯ ಕೊಡದಿದ್ದರೆ 4 ಗಂಟೆಗೊಮ್ಮೆ. ಆಗ ಹೊಸ ಟಿಕೆಟ್ ಹುಟ್ಟಬಾರದು. ಹಳೆಯದಕ್ಕೇ ‘ಈಗ ಶೇ. 93’ ಎಂಬ ಟಿಪ್ಪಣಿ ಸೇರಬೇಕು.

ಎರಡೂ ಒಂದೇ ಎಂದು ಸ್ಕ್ರಿಪ್ಟಿಗೆ ಗೊತ್ತಾಗುವುದು `fingerprint` ನೋಡಿ. ಅಲರ್ಟಿನ ಹೆಸರು, ಸರ್ವರ್, ಡಿಸ್ಕ್ ಮುಂತಾದ ಲೇಬಲ್‌ಗಳಿಂದ ಲೆಕ್ಕಹಾಕಿದ ಗುರುತು ಅದು. ಸ್ಕ್ರಿಪ್ಟ್ ಅದನ್ನು ಟಿಕೆಟಿನಲ್ಲೇ ಬರೆದಿಟ್ಟು, ಮುಂದಿನ ಸಲ ಮುಚ್ಚದ ಟಿಕೆಟ್‌ಗಳಲ್ಲಿ ಮೊದಲು ಹುಡುಕುತ್ತದೆ.

ಎಡವುವುದೂ ಇಲ್ಲೇ. ಯಾರೋ ಉತ್ಸಾಹಿ ಶೇಕಡಾವಾರನ್ನೂ ಲೇಬಲ್ಲಿಗೆ ಸೇರಿಸಿದರೆ 91ಕ್ಕೆ ಒಂದು ಗುರುತು, 92ಕ್ಕೆ ಇನ್ನೊಂದು; ಬೆಳಗಾಗುವಷ್ಟರಲ್ಲಿ ಟಿಕೆಟ್‌ಗಳ ಸಾಲು. ಬದಲಾಗುವ ಅಂಕಿಯನ್ನು `annotations` ಭಾಗದಲ್ಲಿಡಬೇಕು. ಅದು ಗುರುತಿನ ಲೆಕ್ಕಕ್ಕೆ ಬರುವುದಿಲ್ಲ.

ಡಿಸ್ಕಿನಲ್ಲಿ ಜಾಗವಾದಾಗ `resolved` ಎಂಬ ಸುದ್ದಿ ಬರುತ್ತದೆ. ಕೂಡಲೇ ಟಿಕೆಟ್ ಮುಚ್ಚುವುದು ನನಗೆ ಒಪ್ಪಿಗೆಯಿಲ್ಲ. ಅಂಕಿ 90ರ ಆಸುಪಾಸಿನಲ್ಲೇ ಓಲಾಡುತ್ತಿದ್ದರೆ, ಮುಚ್ಚಿದಷ್ಟೂ ಸಲ ಹೊಸದು ತೆರೆಯುತ್ತದೆ. ಟಿಪ್ಪಣಿ ಬರೆದು, ಮುಚ್ಚುವುದನ್ನು ಡ್ಯೂಟಿಯಲ್ಲಿರುವವರಿಗೇ ಬಿಡುವುದು ವಾಸಿ.