ಸಿಗ್ನಲ್ ಇಲ್ಲದ ಕಡೆ ಮಾಡಿದ ಕೆಲಸ ಕಚೇರಿಗೆ ತಲುಪುವ ಬಗೆ

ಮಳೆಗಾಲದ ಮಲೆನಾಡಿನಲ್ಲಿ ಕರೆಂಟ್ ಹೋದ ಹಿಂದೆಯೇ ಮೊಬೈಲ್ ಸಿಗ್ನಲ್ಲೂ ಹೋಗುತ್ತದೆ. ಟವರ್ ನಡೆಯುವುದಕ್ಕೂ ಕರೆಂಟ್ ಬೇಕು. ಬ್ಯಾಟರಿ ಇಳಿದು ಡೀಸೆಲ್ ಮುಗಿದರೆ ಅದೂ ನಿಲ್ಲುತ್ತದೆ. ಹಾಗಾಗಿ ಪವರ್‌ಮ್ಯಾನ್‌ಗಳಿಗೆ ಅತಿ ಹೆಚ್ಚು ಕೆಲಸ ಇರುವ ದಿನವೇ ಅವರ ಫೋನಿಗೆ ನೆಟ್‌ವರ್ಕ್ ಸಿಗುವುದಿಲ್ಲ. ದೂರುಗಳ ಪಟ್ಟಿ, ಮಾಡಿದ ರಿಪೇರಿ, ಬಳಸಿದ ಸಾಮಾನು, ಫೋಟೊ ಎಲ್ಲವನ್ನೂ ಆ್ಯಪ್‌ನಲ್ಲೇ ತುಂಬಬೇಕಾದ ಕಾಲದಲ್ಲಿ ಇದು ಸಣ್ಣ ತೊಂದರೆಯಲ್ಲ. ಕಂಬ ಹತ್ತಿ ಇಳಿದ ಮೇಲೆ ಫೋನಿನ ಪರದೆಯಲ್ಲಿ ಚಕ್ರ ಸುತ್ತುತ್ತಲೇ ಇದ್ದರೆ ಮಾಡಿದ ಕೆಲಸಕ್ಕೆ ದಾಖಲೆಯೇ ಇಲ್ಲದಂತಾಗುತ್ತದೆ.

ಇದಕ್ಕೆ ಪರಿಹಾರವಾಗಿ ಬಂದದ್ದು ಆಫ್‌ಲೈನ್-ಫಸ್ಟ್ ಎಂಬ ವಿಧಾನ. ಸಾಮಾನ್ಯ ಆ್ಯಪ್ ಪ್ರತಿ ಸಲವೂ ಸರ್ವರನ್ನು ಕೇಳಿಯೇ ಪರದೆ ತೋರಿಸುತ್ತದೆ. ಆಫ್‌ಲೈನ್-ಫಸ್ಟ್ ಆ್ಯಪ್ ಓದುವುದೂ ಬರೆಯುವುದೂ ಫೋನಿನೊಳಗಿರುವ ದತ್ತಾಂಶದಲ್ಲೇ. ಆಂಡ್ರಾಯ್ಡ್ ಫೋನುಗಳಲ್ಲಿ ಹೆಚ್ಚಾಗಿ ಎಸ್‌ಕ್ಯುಲೈಟ್ ಎಂಬ ಪುಟ್ಟ ಡೇಟಾಬೇಸ್ ಈ ಕೆಲಸ ಮಾಡುತ್ತದೆ. ನೆಟ್‌ವರ್ಕ್ ಸಿಕ್ಕಾಗ ಫೋನಿನಲ್ಲಿರುವುದನ್ನೂ ಸರ್ವರ್‌ನಲ್ಲಿರುವುದನ್ನೂ ತಾಳೆ ಹಾಕಿ ಸರಿದೂಗಿಸುವುದಕ್ಕೆ ಸಿಂಕ್ ಎನ್ನುತ್ತಾರೆ. ಫೋನಿನಲ್ಲಿ ಉಳಿಸಿಡುವುದು ಸುಲಭದ ಭಾಗ. ಈ ಆ್ಯಪ್‌ಗಳ ಯೋಗ್ಯತೆ ತಿಳಿಯುವುದು ಸಿಂಕ್ ಆಗುವ ಹೊತ್ತಿನಲ್ಲಿ.

ಒಂದು ಕಲ್ಪಿತ ಉದಾಹರಣೆಯನ್ನು ಹೆಜ್ಜೆ ಹೆಜ್ಜೆಯಾಗಿ ನೋಡೋಣ. ಮಲೆನಾಡಿನ ಒಂದು ವಿದ್ಯುತ್ ಸೆಕ್ಷನ್. ಬೆಳಿಗ್ಗೆ 8 ಗಂಟೆಗೆ ಪವರ್‌ಮ್ಯಾನ್ ಕಚೇರಿಯ ವೈಫೈನಲ್ಲಿ ತನ್ನ ಪಾಲಿನ ದೂರುಗಳನ್ನು ಫೋನಿಗೆ ಇಳಿಸಿಕೊಳ್ಳುತ್ತಾನೆ. ಅದರಲ್ಲಿ ದೂರು ಸಂಖ್ಯೆ 118: ಮರದ ಕೊಂಬೆ ಬಿದ್ದು ಎಲ್‌ಟಿ ಲೈನ್ ತುಂಡಾಗಿದೆ. ಈ ದೂರು ಸರ್ವರ್‌ನಲ್ಲಿ ಆಗಲೇ ಎರಡು ಸಲ ತಿದ್ದುಪಡಿಯಾಗಿ ಮೂರನೇ ಆವೃತ್ತಿಯಲ್ಲಿದೆ. ಫೋನು ದೂರಿನ ವಿವರದ ಜೊತೆ 3 ಎಂಬ ಆ ಅಂಕಿಯನ್ನೂ ಇಟ್ಟುಕೊಳ್ಳುತ್ತದೆ. ಮುಂದೆ ಕೆಲಸಕ್ಕೆ ಬರುವುದು ಇದೇ ಅಂಕಿ.

ಪವರ್‌ಮ್ಯಾನ್ ಘಟ್ಟ ಇಳಿಯುತ್ತಾನೆ, ಸಿಗ್ನಲ್ ಹೋಗುತ್ತದೆ. 10 ಗಂಟೆ 40 ನಿಮಿಷಕ್ಕೆ ತಂತಿ ಜೋಡಿಸಿ, ಫ್ಯೂಸ್ ಹಾಕಿ, 118ನ್ನು ‘ಮುಗಿದಿದೆ’ ಎಂದು ಗುರುತಿಸುತ್ತಾನೆ. 30 ಮೀಟರ್ ತಂತಿ ಬಳಸಿದ್ದನ್ನು ಬರೆದು ಫೋಟೊ ಸೇರಿಸುತ್ತಾನೆ. ಆಗ ಆ್ಯಪ್ ಎರಡು ಕೆಲಸ ಮಾಡುತ್ತದೆ. ಫೋನಿನ ಪಟ್ಟಿಯಲ್ಲಿ 118ರ ಸ್ಥಿತಿ ಬದಲಿಸುತ್ತದೆ. ಜೊತೆಗೆ ‘ಕಳಿಸಬೇಕಾದದ್ದು’ ಎಂಬ ಇನ್ನೊಂದು ಪಟ್ಟಿಗೆ ಒಂದು ಸಾಲು ಸೇರಿಸುತ್ತದೆ. ಈ ಎರಡೂ ಒಟ್ಟಿಗೇ ಆಗಬೇಕು, ಇಲ್ಲವೇ ಎರಡೂ ಆಗಬಾರದು. ಮೊದಲನೆಯದು ಆಗಿ ಎರಡನೆಯದು ಆಗುವಷ್ಟರಲ್ಲಿ ಬ್ಯಾಟರಿ ಸತ್ತರೆ, ಪವರ್‌ಮ್ಯಾನ್ ಕಣ್ಣಿಗೆ ಕೆಲಸ ಮುಗಿದಂತೆ ಕಾಣುತ್ತದೆ, ಕಚೇರಿಗೆ ಮಾತ್ರ ಸುದ್ದಿ ಎಂದೂ ಹೋಗುವುದಿಲ್ಲ.

ಮಧ್ಯಾಹ್ನ 1 ಗಂಟೆಗೆ ಗುಡ್ಡದ ಮೇಲಿನ ತಿರುವಿನಲ್ಲಿ ಒಂದು ಕಡ್ಡಿ ಸಿಗ್ನಲ್ ಸಿಗುತ್ತದೆ. ಒಳ್ಳೆಯ ಆ್ಯಪ್ ಮೊದಲು ಅಕ್ಷರಗಳಲ್ಲಿರುವ ವಿವರವನ್ನಷ್ಟೇ ಕಳಿಸುತ್ತದೆ; ಅದು ಒಂದೆರಡು ಕೆಬಿ ಕೂಡ ಆಗುವುದಿಲ್ಲ. ಕೆಲವು ಎಂಬಿ ತೂಗುವ ಫೋಟೊ ಸಂಜೆ ವೈಫೈ ಸಿಕ್ಕಾಗ ಹೋದರೂ ನಡೆಯುತ್ತದೆ. ಎರಡನ್ನೂ ಒಂದೇ ಕಟ್ಟಿನಲ್ಲಿ ಕಳಿಸಲು ಹೊರಟ ಆ್ಯಪ್‌ಗಳಲ್ಲಿ ಫೋಟೊ ಅರ್ಧಕ್ಕೆ ನಿಂತು, ಅದರ ಜೊತೆಗೆ ‘ಮುಗಿದಿದೆ’ ಎಂಬ ಮಾತೂ ನಿಲ್ಲುತ್ತದೆ.

ಇಲ್ಲಿ ಮೊದಲ ಅಪಾಯ ಎದುರಾಗುತ್ತದೆ. ವಿವರ ಸರ್ವರ್ ತಲುಪಿತು, ಸರ್ವರ್ ‘ಬಂತು’ ಎಂದು ಉತ್ತರವನ್ನೂ ಕೊಟ್ಟಿತು, ಆದರೆ ಆ ಉತ್ತರ ಫೋನಿಗೆ ಬರುವ ಮುಂಚೆ ಸಿಗ್ನಲ್ ಹೋಯಿತು. ಹೋಗಿದೆಯೋ ಇಲ್ಲವೋ ಫೋನಿಗೆ ಗೊತ್ತಿಲ್ಲ, ಹಾಗಾಗಿ ಅದು ಮತ್ತೆ ಕಳಿಸುತ್ತದೆ. ಸರ್ವರ್ ಅದನ್ನು ಹೊಸದೆಂದು ತಿಳಿದರೆ 30 ಮೀಟರ್ ತಂತಿಯ ಲೆಕ್ಕ 60 ಮೀಟರ್ ಆಗುತ್ತದೆ. ಇದನ್ನು ತಪ್ಪಿಸಲು ಪ್ರತಿ ದಾಖಲೆಗೂ ಫೋನಿನಲ್ಲೇ, ಬರೆದ ಕ್ಷಣದಲ್ಲೇ, ಬೇರೆಲ್ಲೂ ಪುನರಾವರ್ತನೆಯಾಗದಷ್ಟು ಉದ್ದದ ಒಂದು ಗುರುತಿನ ಸಂಖ್ಯೆ ಕೊಡಬೇಕು. ಅದೇ ಸಂಖ್ಯೆ ಎರಡನೇ ಸಲ ಬಂದರೆ ಸರ್ವರ್ ಲೆಕ್ಕಕ್ಕೆ ಸೇರಿಸದೆ ‘ಬಂದಿದೆ’ ಎಂದಷ್ಟೇ ಹೇಳುತ್ತದೆ. ಆ ಉತ್ತರ ಕೈಸೇರುವವರೆಗೆ ಫೋನು ತನ್ನ ಪಟ್ಟಿಯಿಂದ ಸಾಲನ್ನು ಅಳಿಸಬಾರದು. ಇಷ್ಟು ಪಾಲಿಸಿದರೆ ಹತ್ತು ಸಲ ಕಳಿಸಿದರೂ ತೊಂದರೆಯಿಲ್ಲ.

ಎರಡನೆಯ ಅಪಾಯ ಇನ್ನೂ ಆಳದ್ದು. ಪವರ್‌ಮ್ಯಾನ್ ತಂತಿ ಜೋಡಿಸುತ್ತಿದ್ದ ಹೊತ್ತಿಗೆ ಕಚೇರಿಯಲ್ಲೂ 118 ಬದಲಾಗಿದೆ. ಹತ್ತೂಕಾಲಿಗೆ ಅದೇ ಊರಿನಿಂದ ಫೋನ್ ಮಾಡಿದವರು ಪಕ್ಕದ ಕಂಬದ ಸ್ಟೇ ತಂತಿಯೂ ಕಿತ್ತಿದೆ, ಕಂಬ ವಾಲಿದೆ ಎಂದು ಹೇಳಿದ್ದಾರೆ. ಕಚೇರಿಯವರು ದೂರನ್ನು ‘ತುರ್ತು’ ಎಂದು ಬದಲಿಸಿ, ಒಕ್ಕಣೆ ಸೇರಿಸಿ, ಇನ್ನೊಬ್ಬ ಪವರ್‌ಮ್ಯಾನ್‌ಗೂ ಹಂಚಿದ್ದಾರೆ. ಸರ್ವರ್‌ನಲ್ಲಿ ಈಗಿರುವುದು ನಾಲ್ಕನೇ ಆವೃತ್ತಿ. ಫೋನು ಹೇಳುತ್ತಿರುವುದು ‘ನಾನು ನೋಡಿದ್ದು ಮೂರನೆಯದು, ಅದನ್ನು ಮುಗಿಸಿದ್ದೇನೆ’ ಎಂದು. ಈಗ ಯಾರ ಮಾತು ನಿಲ್ಲಬೇಕು?

ಕೊನೆಗೆ ಬರೆದವರದೇ ಗೆಲ್ಲಲಿ ಎಂಬುದು ಅನೇಕ ಆ್ಯಪ್‌ಗಳು ಹಿಡಿಯುವ ಸುಲಭದ ದಾರಿ. ಕೊನೆ ಯಾವುದೆಂದು ಹೇಳುವ ಗಡಿಯಾರ ಯಾವುದು ಎಂಬಲ್ಲಿಯೇ ಇದು ಎಡವುತ್ತದೆ. ಬ್ಯಾಟರಿ ಪೂರ್ತಿ ಇಳಿದು ಮತ್ತೆ ಚಾಲೂ ಆದ ಹಳೆಯ ಫೋನು, ನೆಟ್‌ವರ್ಕ್ ಸಿಗದಿದ್ದರೆ, ತಪ್ಪು ದಿನಾಂಕ ತೋರಿಸುವುದುಂಟು. ಅದು ನಿನ್ನೆಯ ತಾರೀಕು ಹಾಕಿದರೆ ಕಚೇರಿಯ ತಿದ್ದುಪಡಿಯೇ ಹೊಸದೆನಿಸಿ ‘ಮುಗಿದಿದೆ’ ಅಳಿಸಿಹೋಗುತ್ತದೆ. ಆಗಿಹೋದ ಕೆಲಸಕ್ಕೆ ಇನ್ನೊಬ್ಬ ಮಳೆಯಲ್ಲಿ ಗಾಡಿ ಓಡಿಸಿಕೊಂಡು ಬರುತ್ತಾನೆ. ಸರ್ವರ್ ತಲುಪಿದ ಹೊತ್ತನ್ನೇ ಹಿಡಿದರೆ ಫೋನಿನದು ಗೆದ್ದು ಸ್ಟೇ ತಂತಿಯ ದೂರು ಅಳಿಸಿಹೋಗುತ್ತದೆ. ಎರಡರಲ್ಲೂ ಒಬ್ಬರ ಮಾತು ಸದ್ದಿಲ್ಲದೆ ಕಾಣೆಯಾಗುತ್ತದೆ, ಕಾಣೆಯಾದದ್ದು ಯಾರಿಗೂ ತಿಳಿಯುವುದಿಲ್ಲ.

ಆದ್ದರಿಂದ ಹೋಲಿಸಬೇಕಾದದ್ದು ಗಡಿಯಾರವನ್ನಲ್ಲ, ಆವೃತ್ತಿಯ ಅಂಕಿಯನ್ನು. 3ರ ಮೇಲೆ ಮಾಡಿದ ಬದಲಾವಣೆ ಬಂದಾಗ ತನ್ನ ಬಳಿ 4 ಇದೆ ಎಂದರೆ, ನಡುವೆ ಬೇರೆಯವರೂ ತಿದ್ದಿದ್ದಾರೆ ಎಂದು ಸರ್ವರ್‌ಗೆ ಖಚಿತವಾಗಿ ಗೊತ್ತಾಗುತ್ತದೆ. ಆಮೇಲೆ ಯಾರು ಯಾವ ಅಂಕಣ ಮುಟ್ಟಿದ್ದಾರೆಂದು ನೋಡಬೇಕು. ಒಬ್ಬರು ಮುಟ್ಟಿದ್ದು ಫೋನ್ ನಂಬರ್, ಇನ್ನೊಬ್ಬರು ಮುಟ್ಟಿದ್ದು ಬಳಸಿದ ತಂತಿಯ ಅಳತೆ ಎಂದಾದರೆ ಎರಡನ್ನೂ ಉಳಿಸಬಹುದು. ನಮ್ಮ 118ರಲ್ಲಿಯೂ ಅಂಕಣಗಳು ಬೇರೆ ಬೇರೆಯೇ: ಫೋನು ಬದಲಿಸಿದ್ದು ಸ್ಥಿತಿಯನ್ನು, ಕಚೇರಿ ಬದಲಿಸಿದ್ದು ತುರ್ತು ಗುರುತನ್ನೂ ಒಕ್ಕಣೆಯನ್ನೂ. ಯಂತ್ರ ಎರಡನ್ನೂ ಸೇರಿಸಿಬಿಟ್ಟರೆ ‘ತುರ್ತು, ಕಂಬ ವಾಲಿದೆ, ಕೆಲಸ ಮುಗಿದಿದೆ’ ಎಂಬ ದಾಖಲೆ ಸಿದ್ಧವಾಗುತ್ತದೆ. ಪವರ್‌ಮ್ಯಾನ್ ಮುಗಿಸಿದ್ದು ತಂತಿಯ ಕೆಲಸವನ್ನು. ಸ್ಟೇ ಕಿತ್ತ ಸುದ್ದಿ ಅವನಿಗೆ ತಲುಪಿರಲೇ ಇಲ್ಲ. ವಾಲಿದ ಕಂಬವೊಂದು ಮುಗಿದ ಕೆಲಸಗಳ ಪಟ್ಟಿಗೆ ಸೇರುವುದೆಂದರೆ ಅದರ ಕೆಳಗೆ ಓಡಾಡುವವರ ಜೀವಕ್ಕೆ ಅಪಾಯ.

ಇಂಥ ಕಡೆ ಮನುಷ್ಯರೇ ನೋಡಿ ತೀರ್ಮಾನಿಸಬೇಕು. ಆ್ಯಪ್ ಎರಡೂ ಮಾತುಗಳನ್ನು ಹಾಗೆಯೇ ಇಟ್ಟು, ದೂರಿಗೆ ಒಂದು ಎಚ್ಚರಿಕೆಯ ಗುರುತು ಹಾಕಿ, ಸೆಕ್ಷನ್ ಆಫೀಸರ್ ಮುಂದೆ ಇಡಬೇಕು. ಈ ದಾರಿ ಹೊಸದೇನಲ್ಲ. ಹಲವು ದೇಶಗಳ ಆರೋಗ್ಯ ಕಾರ್ಯಕರ್ತರ ಆ್ಯಪ್‌ಗಳ ಹಿಂದಿರುವ ಕೌಚ್‌ಡಿಬಿ ಎಂಬ ಡೇಟಾಬೇಸ್, ಎರಡು ತಿದ್ದುಪಡಿಗಳು ಡಿಕ್ಕಿಯಾದಾಗ ಒಂದನ್ನು ಮುಂದೆ ತೋರಿಸಿದರೂ ಇನ್ನೊಂದನ್ನು ಎಸೆಯದೆ ಇಟ್ಟುಕೊಳ್ಳುತ್ತದೆ. 2008ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಶುರುವಾಗಿ ಈಗ ಸಮೀಕ್ಷೆಗಳಲ್ಲಿ ವ್ಯಾಪಕವಾಗಿ ಬಳಕೆಯಾಗುತ್ತಿರುವ ಒಡಿಕೆ ವ್ಯವಸ್ಥೆಯಲ್ಲೂ, ಹಳೆಯ ಆವೃತ್ತಿಯ ಮೇಲೆ ಮಾಡಿದ ತಿದ್ದುಪಡಿ ಬಂದರೆ ಪರಿಶೀಲಿಸಿ ಎಂಬ ಸೂಚನೆ ಕಾಣಿಸುತ್ತದೆ.

ಡಿಕ್ಕಿಗಳನ್ನು ಕಡಿಮೆ ಮಾಡುವ ಉಪಾಯವೂ ಉಂಟು. ಸ್ಟೋರಿನಲ್ಲಿ 100 ಮೀಟರ್ ತಂತಿ ಇದೆ, ಸಿಗ್ನಲ್ ಇಲ್ಲದ ಇಬ್ಬರು ಪವರ್‌ಮ್ಯಾನ್‌ಗಳು 30 ಮತ್ತು 20 ಮೀಟರ್ ಬಳಸಿದ್ದಾರೆ ಎಂದುಕೊಳ್ಳಿ. ಆ್ಯಪ್ ‘ಉಳಿದದ್ದು 70’ ಎಂದೂ ‘ಉಳಿದದ್ದು 80’ ಎಂದೂ ಕಳಿಸಿದರೆ ಯಾವುದು ಗೆದ್ದರೂ ಲೆಕ್ಕ ತಪ್ಪು. ಅದರ ಬದಲು ‘30 ತೆಗೆದೆ’, ‘20 ತೆಗೆದೆ’ ಎಂದು ಕಳಿಸಿದರೆ, ಯಾವುದು ಮೊದಲು ಬಂದರೂ ಉಳಿಯುವುದು 50 ಮೀಟರ್. ಕೊನೆಯ ಸ್ಥಿತಿಯನ್ನು ಬರೆಯುವ ಬದಲು ಮಾಡಿದ ಕೆಲಸವನ್ನು ಬರೆಯುವುದೇ ಇಲ್ಲಿಯ ಗುಟ್ಟು. 118ರಲ್ಲಿಯೂ ಬರೀ ‘ಮುಗಿದಿದೆ’ ಎನ್ನುವ ಬದಲು ‘ಲೈನ್ ಜೋಡಿಸಿದೆ’ ಎಂದು ಬರೆಸಿಕೊಳ್ಳುವ ಆ್ಯಪ್ ಆಗಿದ್ದರೆ, ಸ್ಟೇ ತಂತಿಯ ಕೆಲಸ ಬಾಕಿ ಎಂಬುದು ತಾನಾಗಿಯೇ ಉಳಿಯುತ್ತಿತ್ತು.

ಇಷ್ಟಾದರೂ ಆಫ್‌ಲೈನ್‌ಗೆ ಬಿಡಲೇಬಾರದ ಕೆಲಸವೊಂದಿದೆ, ಎಲ್‌ಸಿ ಅಥವಾ ಲೈನ್ ಕ್ಲಿಯರ್. ಎಚ್‌ಟಿ ಲೈನ್ ಮುಟ್ಟುವ ಮುಂಚೆ ಸಬ್‌ಸ್ಟೇಷನ್‌ನಿಂದ ಎಲ್‌ಸಿ ತೆಗೆದುಕೊಂಡು, ಫೀಡರ್ ಆಫ್ ಆಗಿದೆ ಎಂದು ಖಚಿತ ಮಾಡಿಕೊಂಡು, ಅರ್ಥಿಂಗ್ ಹಾಕಬೇಕು. ಕೆಲಸ ಮುಗಿದ ಮೇಲೆ ಎಲ್‌ಸಿ ವಾಪಸ್ ಕೊಡಬೇಕು. ಇದರಲ್ಲಿ ಎರಡು ಕಡೆಯವರಿಗೂ ಒಂದೇ ಕ್ಷಣದಲ್ಲಿ ಒಂದೇ ಸತ್ಯ ಗೊತ್ತಿರಬೇಕು. ಎರಡು ಗಂಟೆಯ ನಂತರ ಸಿಂಕ್ ಆಗುವ ಅನುಮತಿ ಅನುಮತಿಯೇ ಅಲ್ಲ. ಅದೇ ಊರಿನ ಬೇರೆ ಫೀಡರ್ ಕಂಬದಲ್ಲಿ ಮತ್ತೊಂದು ತಂಡ ಇದ್ದರಂತೂ ಹಳೆಯ ಪರದೆಯನ್ನು ನಂಬಿ ಯಾರೂ ಹೆಜ್ಜೆ ಇಡುವಂತಿಲ್ಲ. ಸಿಗ್ನಲ್ ಇಲ್ಲದಾಗ ಆ್ಯಪ್ ಎಲ್‌ಸಿ ಗುಂಡಿಯನ್ನೇ ಮುಚ್ಚಿ, ನೇರವಾಗಿ ಮಾತನಾಡಿ ಒಪ್ಪಿಗೆ ಪಡೆಯಿರಿ ಎಂದು ಹೇಳಬೇಕು.

ನಿಮ್ಮ ಕೈಯಲ್ಲಿರುವ ಆ್ಯಪ್ ಹೇಗಿದೆ ಎಂದು ಪರೀಕ್ಷಿಸಲು ಎರಡು ಫೋನು ಸಾಕು. ಎರಡರಲ್ಲೂ ಒಂದೇ ಕೆಲಸವನ್ನು ಇಳಿಸಿಕೊಂಡು ಏರೋಪ್ಲೇನ್ ಮೋಡ್ ಹಾಕಿ. ಒಂದರಲ್ಲಿ ತಿದ್ದಿ, ಫೋನ್ ಆಫ್ ಮಾಡಿ ಆನ್ ಮಾಡಿ. ಬರೆದದ್ದು ಹಾಗೇ ಇರಬೇಕು. ಇನ್ನೊಂದರಲ್ಲಿ ಅದೇ ಕೆಲಸವನ್ನು ಬೇರೆ ರೀತಿ ತಿದ್ದಿ. ಈಗ ಒಂದಾದ ಮೇಲೊಂದು ನೆಟ್‌ವರ್ಕ್ ಕೊಟ್ಟು ನೋಡಿ. ಯಾವ ಎಚ್ಚರಿಕೆಯೂ ಇಲ್ಲದೆ ಒಂದು ತಿದ್ದುಪಡಿ ಮಾಯವಾದರೆ ಆ ಆ್ಯಪನ್ನು ಹಾಜರಿ, ಸಂಬಳ, ಶಿಸ್ತುಕ್ರಮಗಳಿಗೆ ಆಧಾರ ಮಾಡಿಕೊಳ್ಳುವುದು ಅನ್ಯಾಯ.

ಪರದೆಯಲ್ಲಿ ಇನ್ನೊಂದನ್ನೂ ಹುಡುಕಿ: ‘ಫೋನಿನಲ್ಲಿ ಉಳಿದಿದೆ’ ಮತ್ತು ‘ಕಚೇರಿಗೆ ತಲುಪಿದೆ’ ಎಂಬ ಎರಡನ್ನು ಅದು ಬೇರೆ ಬೇರೆಯಾಗಿ ತೋರಿಸುತ್ತದೆಯೇ? ಎಷ್ಟು ದಾಖಲೆ ಕಳಿಸಲು ಬಾಕಿ ಎಂಬ ಅಂಕಿ ಕಣ್ಣಿಗೆ ಬೀಳುತ್ತದೆಯೇ? ಬ್ಯಾಟರಿ ಉಳಿಸಲು ಆಂಡ್ರಾಯ್ಡ್ ಹಿನ್ನೆಲೆಯ ಕೆಲಸಗಳನ್ನು ತಡೆಹಿಡಿಯುವುದರಿಂದ, ಸಿಗ್ನಲ್ ಇರುವ ಕಡೆ ಆ್ಯಪ್ ತೆರೆದು ಆ ಅಂಕಿ ಸೊನ್ನೆಗೆ ಇಳಿಯುವವರೆಗೆ ಕಾಯುವುದು ಒಳ್ಳೆಯದು. ಆ್ಯಪ್ ಹಟ ಹಿಡಿದಿದೆ ಎಂದು ಅದನ್ನು ತೆಗೆದು ಮತ್ತೆ ಹಾಕಿಕೊಳ್ಳುವುದು, ಅದರ ಡೇಟಾ ಅಳಿಸುವುದು ಮಾತ್ರ ಬೇಡ. ಕಳಿಸದೇ ಉಳಿದ ದಾಖಲೆಗಳು ಇರುವುದು ಆ ಫೋನಿನಲ್ಲಿ ಮಾತ್ರ. ಇದನ್ನು ಕೆಲಸಗಾರರಿಗೆ ಹೇಳಿಕೊಡಬೇಕಾದವರು ಆ್ಯಪ್ ಕೊಟ್ಟ ಕಚೇರಿಯವರು. ದಾಖಲೆ ಬಂದಿಲ್ಲ ಎಂದು ನೋಟಿಸ್ ಕೊಡುವ ಮುಂಚೆ ಆ ಫೋನಿನ ಬಾಕಿ ಪಟ್ಟಿಯನ್ನು ತೆರೆದು ನೋಡಬೇಕಾದವರೂ ಅವರೇ.