ವೀಸಾ ವಾಸ್ತವ್ಯದ ದಿನಗಣನೆ

ವೀಸಾ ವಾಸ್ತವ್ಯದ ದಿನಗಣನೆ ಎಂದರೆ ವಿದೇಶಿ ಪ್ರವಾಸಿಯೊಬ್ಬನು ಒಂದು ದೇಶದಲ್ಲಿ ಕಳೆದ ದಿನಗಳನ್ನು ವೀಸಾದಲ್ಲಿ ಅನುಮತಿಸಿದ ದಿನಗಳೊಡನೆ ಹೋಲಿಸಿ ಲೆಕ್ಕ ಹಾಕುವ ಕ್ರಮ. ಬಂದ ದಿನ ಮತ್ತು ಹೊರಟ ದಿನಗಳನ್ನು ಇದರಲ್ಲಿ ಸೇರಿಸಬೇಕೇ ಎಂಬುದು ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ. ಯುರೋಪಿನ 29 ದೇಶಗಳನ್ನೊಳಗೊಂಡ ಷೆಂಗೆನ್ ಪ್ರದೇಶದಲ್ಲಿ ಎರಡೂ ದಿನಗಳು ವಾಸ್ತವ್ಯಕ್ಕೆ ಸೇರುತ್ತವೆ.

## ಸಿಂಧುತ್ವದ ಅವಧಿ ಮತ್ತು ವಾಸ್ತವ್ಯದ ದಿನಗಳು

ಷೆಂಗೆನ್ ವೀಸಾ ಚೀಟಿಯಲ್ಲಿ ಎರಡು ಬೇರೆ ಬೇರೆ ಮಿತಿಗಳಿರುತ್ತವೆ. ಎರಡು ದಿನಾಂಕಗಳ ನಡುವಿನ ಸಿಂಧುತ್ವದ ಅವಧಿಯು ವೀಸಾವನ್ನು ಯಾವಾಗ ಬಳಸಬಹುದೆಂದು ತಿಳಿಸುತ್ತದೆ. ‘ಡ್ಯೂರೇಷನ್ ಆಫ್ ಸ್ಟೇ’ ಎಂಬಲ್ಲಿ ನಮೂದಾದ ಸಂಖ್ಯೆಯು ಆ ಅವಧಿಯೊಳಗೆ ಎಷ್ಟು ದಿನ ಇರಬಹುದೆಂದು ತಿಳಿಸುತ್ತದೆ. 30 ದಿನಗಳ ವಾಸ್ತವ್ಯಕ್ಕೆ 45 ದಿನಗಳ ಸಿಂಧುತ್ವ ದೊರೆತಿದ್ದರೆ, ಹೆಚ್ಚುವರಿ 15 ದಿನಗಳು ಪ್ರಯಾಣದ ದಿನಾಂಕವನ್ನು ಹಿಂದೆಮುಂದೆ ಮಾಡಿಕೊಳ್ಳಲು ಮಾತ್ರ. ಇರುವುದು 30 ದಿನವೇ.

## ಎಣಿಕೆಯ ನಿಯಮ

ಪ್ರವೇಶದ ದಿನಾಂಕವು ವಾಸ್ತವ್ಯದ ಮೊದಲ ದಿನ, ನಿರ್ಗಮನದ ದಿನಾಂಕವು ಕೊನೆಯ ದಿನ. ರಾತ್ರಿ 11 ಗಂಟೆಗೆ ಗಡಿ ದಾಟಿದರೂ ಅದು ಒಂದು ಪೂರ್ಣ ದಿನ. ಆದ್ದರಿಂದ ಒಂದು ದಿನಾಂಕದಿಂದ ಇನ್ನೊಂದನ್ನು ಕಳೆದು ಬಂದ ಸಂಖ್ಯೆಗೆ ಒಂದನ್ನು ಕೂಡಿಸಬೇಕು. ಹೋಟೆಲಿನ ರಾತ್ರಿಗಳನ್ನು ಎಣಿಸಿದರೆ ಒಂದು ದಿನ ಕಡಿಮೆ ಬರುತ್ತದೆ.

ಲೆಕ್ಕಕ್ಕೆ ಬರುವುದು ಷೆಂಗೆನ್ ಗಡಿಯಲ್ಲಿ ಪಾಸ್‌ಪೋರ್ಟ್ ತಪಾಸಣೆಯಾದ ದಿನಾಂಕ. ಮನೆ ಬಿಟ್ಟ ದಿನವಾಗಲಿ, ದುಬೈಯಂಥ ನಿಲ್ದಾಣದಲ್ಲಿ ಕಾದ ಸಮಯವಾಗಲಿ ಇದಕ್ಕೆ ಸೇರದು. ಷೆಂಗೆನ್ ದೇಶಗಳ ನಡುವೆ ಸಂಚರಿಸಿದರೆ ಎಣಿಕೆ ಹೊಸದಾಗಿ ಆರಂಭವಾಗುವುದಿಲ್ಲ. ಪ್ಯಾರಿಸ್‌ನಿಂದ ಸೋಮವಾರ ಲಂಡನ್ನಿಗೆ ಹೋಗಿ ಬುಧವಾರ ಮರಳಿದರೆ ಮಂಗಳವಾರ ಮಾತ್ರ ಎಣಿಕೆಯಿಂದ ಹೊರಗುಳಿಯುತ್ತದೆ.

## 180 ದಿನಗಳ ಚಲಿಸುವ ಅವಧಿ

ಅಲ್ಪಾವಧಿ ವಾಸ್ತವ್ಯದ ಗರಿಷ್ಠ ಮಿತಿ ಯಾವುದೇ 180 ದಿನಗಳಲ್ಲಿ 90 ದಿನ. ಈ 180 ದಿನಗಳು ಜನವರಿಯಿಂದಾಗಲಿ, ಮೊದಲ ಪ್ರವೇಶದಿಂದಾಗಲಿ ಎಣಿಸಬೇಕಾದವಲ್ಲ. ಅಲ್ಲಿರುವ ಪ್ರತಿಯೊಂದು ದಿನವೂ, ಆ ದಿನವನ್ನೂ ಸೇರಿಸಿಕೊಂಡು ಹಿಂದಿನ 180 ದಿನಗಳನ್ನು ನೋಡಬೇಕು. ದಿನ ಒಂದು ಮುಂದೆ ಸರಿದಂತೆ ಈ ಅವಧಿಯೂ ಒಂದು ದಿನ ಮುಂದೆ ಸರಿಯುತ್ತದೆ.

## ಉದಾಹರಣೆ

ಸಾಗರ ತಾಲ್ಲೂಕಿನ ಹೆಗ್ಗೋಡಿನ ತಾಯಿಯೊಬ್ಬರು 90 ದಿನಗಳ ಬಹುಪ್ರವೇಶ ವೀಸಾದಲ್ಲಿ ನೆದರ್ಲೆಂಡ್ಸ್‌ನಲ್ಲಿರುವ ಮಗಳ ಮನೆಗೆ ಎರಡು ಬಾರಿ ಹೋಗುತ್ತಾರೆ ಎಂದಿಟ್ಟುಕೊಳ್ಳಬಹುದು. ಎರಡನೆಯ ಸಲ ಹೋಗುವುದು ಬಾಣಂತನಕ್ಕೆ. ಸಾಧ್ಯವಿರುವಷ್ಟು ದಿನ ಇರಬೇಕೆಂಬುದು ಅವರ ಇಚ್ಛೆ.

ಮೊದಲ ವಾಸ್ತವ್ಯ 2025ರ ಜನವರಿ 10ರಿಂದ ಫೆಬ್ರವರಿ 8ರವರೆಗೆ: ಜನವರಿಯ 22 ದಿನ, ಫೆಬ್ರವರಿಯ 8 ದಿನ, ಒಟ್ಟು 30. ಉಳಿದದ್ದು 60 ದಿನ. ಎರಡನೆಯ ಬಾರಿ ಅವರು ಸಾಗರದಿಂದ ಏಪ್ರಿಲ್ 29ರಂದು ರೈಲು ಹತ್ತಿ, ಮೇ 1ರಂದು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಗಡಿ ದಾಟುತ್ತಾರೆ. ಎಣಿಕೆ ಆರಂಭವಾಗುವುದು ಮೇ 1ರಿಂದ. ಮೇ ತಿಂಗಳ 31 ದಿನ ಹಾಗೂ ಜೂನ್‌ನ 29 ದಿನ ಸೇರಿ 60. ಜೂನ್ 29ರಿಂದ ಹಿಂದಕ್ಕೆ 180 ದಿನ ಎಣಿಸಿದರೆ ಜನವರಿ 1ಕ್ಕೆ ತಲುಪುವುದರಿಂದ ಮೊದಲ 30 ದಿನಗಳೂ ಲೆಕ್ಕದಲ್ಲಿಯೇ ಇವೆ. ಹಾಗಾಗಿ ಹೊರಡಲು ಕೊನೆಯ ದಿನ ಜೂನ್ 29.

ದಿನಾಂಕಗಳನ್ನು ಬರಿದೇ ಕಳೆದು ನೋಡಿದವರಿಗೆ ಮೊದಲ ವಾಸ್ತವ್ಯ 29 ದಿನವೆಂದು ತೋರುತ್ತದೆ; ಉಳಿದ 61 ದಿನಗಳನ್ನು ಮೇ 1ಕ್ಕೆ ಕೂಡಿಸಿ ಜುಲೈ 1ರ ಟಿಕೆಟ್ ಕೊಳ್ಳುತ್ತಾರೆ. ಆಗ ವಾಸ್ತವ್ಯ 92 ದಿನವಾಗುತ್ತದೆ. ಪ್ರತಿ ಪ್ರವಾಸಕ್ಕೂ ಒಂದೊಂದು ದಿನ ತಪ್ಪುವುದು ಈ ದೋಷದ ಗುರುತು.

ಜೂನ್ 29ರಂದು ಹೊರಟವರು, ವೀಸಾ ಸಿಂಧುವಾಗಿದ್ದರೆ, ಜುಲೈ 9ರಂದು ಮತ್ತೆ ಪ್ರವೇಶಿಸಬಹುದು. ಅಂದು 180 ದಿನಗಳ ಅವಧಿ ಜನವರಿ 11ರಿಂದ ತೊಡಗುವುದರಿಂದ ಜನವರಿ 10ರ ಒಂದು ದಿನ ಲೆಕ್ಕದಿಂದ ಬಿಟ್ಟುಹೋಗಿರುತ್ತದೆ.

## ಮಿತಿಮೀರಿದ ವಾಸ್ತವ್ಯ

ಒಂದು ದಿನ ಹೆಚ್ಚಾದರೂ ಅದು ಮಿತಿಮೀರಿದ ವಾಸ್ತವ್ಯವೇ. ಇದಕ್ಕೆ ದಂಡ, ಪ್ರವೇಶ ನಿಷೇಧ ಅಥವಾ ಮುಂದಿನ ವೀಸಾ ನಿರಾಕರಣೆ ಎದುರಾಗಬಹುದು. ಕ್ರಮವು ಆಯಾ ದೇಶವನ್ನು ಅವಲಂಬಿಸಿದೆ. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಜಾರಿಗೆ ಬಂದ ಪ್ರವೇಶ-ನಿರ್ಗಮನ ವ್ಯವಸ್ಥೆಯು ಮೊಹರಿನ ಬದಲು ಗಣಕದಲ್ಲಿ ದಿನಾಂಕ ದಾಖಲಿಸಿ ಹೆಚ್ಚುವರಿ ದಿನಗಳನ್ನು ತಾನಾಗಿ ಗುರುತಿಸುತ್ತದೆ. ಅನಾರೋಗ್ಯದಂಥ ಗಂಭೀರ ಕಾರಣವಿದ್ದರೆ, ಅನುಮತಿಸಿದ ದಿನಗಳು ಮುಗಿಯುವ ಮೊದಲೇ ಸ್ಥಳೀಯ ಅಧಿಕಾರಿಗಳಲ್ಲಿ ವಿಸ್ತರಣೆ ಕೋರಬೇಕು.

## ಇತರ ದೇಶಗಳಲ್ಲಿ

ಅಮೆರಿಕವು ಸಂದರ್ಶಕರಿಗೆ ದಿನಗಳ ಸಂಖ್ಯೆಯ ಬದಲು I-94 ದಾಖಲೆಯಲ್ಲಿ ಕೊನೆಯ ದಿನಾಂಕವನ್ನೇ ನೀಡುತ್ತದೆ; ವೀಸಾದ ಸಿಂಧುತ್ವ ಅದಕ್ಕೂ ಮುಂದೆ ಇದ್ದರೂ ಈ ದಿನಾಂಕವೇ ಅಂತಿಮ. ಬ್ರಿಟನ್ನಿನಲ್ಲಿ ನೆಲೆಸಿದವರು ಪೌರತ್ವಕ್ಕಾಗಿ ದೇಶದ ಹೊರಗೆ ಕಳೆದ ದಿನಗಳನ್ನು ಲೆಕ್ಕ ಹಾಕುವಾಗ, ಹೊರಟ ಮತ್ತು ಮರಳಿದ ದಿನಗಳನ್ನು ಗೈರುಹಾಜರಿಯೆಂದು ಎಣಿಸುವುದಿಲ್ಲ.