ಸುದ್ದಿಗೆ ಅಂಕ ಕೊಟ್ಟ ಮೇಲೆ ತೂಕ ಎಷ್ಟು?

2008ರ ಸೆಪ್ಟೆಂಬರ್ 8ರಂದು ಅಮೆರಿಕದ ಯುನೈಟೆಡ್ ಏರ್‌ಲೈನ್ಸ್ ಕಂಪನಿಯ ಷೇರು ಸುಮಾರು 12 ಡಾಲರ್‌ನಿಂದ ಕೆಲವೇ ನಿಮಿಷಗಳಲ್ಲಿ 3 ಡಾಲರ್‌ಗೆ ಬಿತ್ತು. ಕಂಪನಿ ದಿವಾಳಿ ಅರ್ಜಿ ಹಾಕಿದೆ ಎಂಬ ಸುದ್ದಿಯೇ ಅದಕ್ಕೆ ಕಾರಣ. ಅರ್ಜಿ ಹಾಕಿದ್ದು ನಿಜ, ಆದರೆ 2002ರಲ್ಲಿ! ಫ್ಲಾರಿಡಾದ ಪತ್ರಿಕೆಯೊಂದರ ಜಾಲತಾಣದ ‘ಹೆಚ್ಚು ಓದಿದ ಸುದ್ದಿ’ಗಳ ಪಟ್ಟಿಯಲ್ಲಿ ಆ ಹಳೆಯ ವರದಿ ಮತ್ತೆ ಕಾಣಿಸಿಕೊಂಡಿತ್ತು. ಪುಟದಲ್ಲಿ ತಾರೀಖು ಇರಲಿಲ್ಲವಾಗಿ ಗೂಗಲ್‌ನ ಸುದ್ದಿ ಹುಡುಕುವ ಯಂತ್ರ ಅದನ್ನು ಹೊಸದೆಂದು ತಿಳಿಯಿತು. ಅಲ್ಲಿಂದ ಅದು ಬ್ಲೂಮ್‌ಬರ್ಗ್ ಪರದೆಗಳಿಗೆ ಹೋಯಿತು.

ಸುದ್ದಿ ಓದಿ ಷೇರು ಮಾರುವ ಪ್ರೋಗ್ರಾಂ ಎದುರು ಈ ಶೀರ್ಷಿಕೆ ಬಂದರೆ ಏನಾಗುತ್ತದೆ? ಮೊದಲ ಕೆಲಸ ಅಂಕ ಕೊಡುವುದು: ತೀರಾ ಕೆಟ್ಟ ಸುದ್ದಿಗೆ −1, ತೀರಾ ಒಳ್ಳೆಯದಕ್ಕೆ +1. ಹಳೆಯ ವಿಧಾನ ಪದಪಟ್ಟಿಯದು. ಅದರಲ್ಲೂ ತೊಡಕಿದೆ. ಸಾಮಾನ್ಯ ಪಟ್ಟಿಯಲ್ಲಿ ‘ಕೆಟ್ಟ’ ಎಂದು ಗುರುತಿಸಿದ ಪದಗಳಲ್ಲಿ ಮುಕ್ಕಾಲು ಪಾಲು ಹಣಕಾಸಿನ ವರದಿಗಳಲ್ಲಿ ಕೆಟ್ಟವಲ್ಲ ಎಂದು ಲಾಫ್ರನ್ ಮತ್ತು ಮೆಕ್‌ಡೊನಾಲ್ಡ್ 2011ರಲ್ಲಿ ತೋರಿಸಿದರು. ತೆರಿಗೆ, ವೆಚ್ಚ ಇವೆಲ್ಲ ಅಲ್ಲಿ ದಿನನಿತ್ಯದ ಮಾತು.

ಯುನೈಟೆಡ್ ವಿಷಯದಲ್ಲಿ ಅಂಕ ತಪ್ಪುತ್ತಿರಲಿಲ್ಲ. ದಿವಾಳಿಗೆ −0.9 ಕೊಡುವುದು ಸರಿಯೇ. ಕೇಳಬೇಕಾಗಿದ್ದದ್ದು ಬೇರೆ ಪ್ರಶ್ನೆ: ಈ ಅಂಕಕ್ಕೆ ಎಷ್ಟು ತೂಕ?

ಉದಾಹರಣೆಗೆ ತೂಕವನ್ನು ಮೂರು ಅಂಶಗಳಿಂದ ಕಟ್ಟೋಣ. ಮೂಲದ ನಂಬಿಕೆ 0.8. ಹೊಸತನಕ್ಕೆ, ಹಳೆಯ ಸುದ್ದಿಗಳ ಕಡತದಲ್ಲಿ ಇದೇ ಪಠ್ಯ ಸಿಕ್ಕರೆ 0, ಇಲ್ಲದಿದ್ದರೆ 1. ದೃಢೀಕರಣಕ್ಕೆ, ಒಂದೇ ಮೂಲವಿದ್ದರೆ 0.2, ಕಂಪನಿಯೋ ಇನ್ನೊಂದು ಸ್ವತಂತ್ರ ಮೂಲವೋ ಹೌದೆಂದರೆ 1. ಇವನ್ನು ಕೂಡಿಸಬಾರದು, ಗುಣಿಸಬೇಕು. ಕೂಡಿಸಿದರೆ ಮೂಲದ ಒಳ್ಳೆಯ ಹೆಸರು ಸುದ್ದಿಯ ಹಳಸಲುತನವನ್ನು ಮುಚ್ಚಿಹಾಕುತ್ತದೆ. ಗುಣಿಸಿದರೆ ಒಂದು ಸೊನ್ನೆ ಬಂದರೂ ಫಲ ಸೊನ್ನೆ. 2002ರ ವರದಿ ಅಲ್ಲೇ ನಿಲ್ಲುತ್ತದೆ.

ಕಡತವೊಂದೇ ಸಾಲದು. 2013ರ ಏಪ್ರಿಲ್ 23ರಂದು ಅಸೋಸಿಯೇಟೆಡ್ ಪ್ರೆಸ್‌ನ ಟ್ವಿಟರ್ ಖಾತೆ ಕದ್ದವರು ಶ್ವೇತಭವನದಲ್ಲಿ ಸ್ಫೋಟವಾಗಿ ಒಬಾಮಾ ಗಾಯಗೊಂಡಿದ್ದಾರೆ ಎಂದು ಬರೆದರು. ಡೌ ಜೋನ್ಸ್ ಸೂಚ್ಯಂಕ 140ಕ್ಕೂ ಹೆಚ್ಚು ಅಂಶ ಕುಸಿದು, ನಿಮಿಷಗಳಲ್ಲೇ ಚೇತರಿಸಿಕೊಂಡಿತು. ಮೂಲ ದೊಡ್ಡದು, ಪಠ್ಯ ಹೊಸದು. ಅದನ್ನು ಹಿಡಿಯುತ್ತಿದ್ದದ್ದು ದೃಢೀಕರಣ ಮಾತ್ರ: −0.9 × 0.8 × 1 × 0.2, ಅಂದರೆ ಸುಮಾರು −0.14. ಮಾರಾಟದ ಗಡಿ −0.5 ಇದ್ದರೆ ಪ್ರೋಗ್ರಾಂ ಸುಮ್ಮನಿರುತ್ತದೆ. ಇಲ್ಲೊಂದು ಎಚ್ಚರಿಕೆ ಬೇಕು. ಅದೇ ಮಾತನ್ನು ಹತ್ತು ತಾಣಗಳು ನಕಲಿಸಿದರೆ ಅದು ಹತ್ತು ಮೂಲವಲ್ಲ, ಒಂದೇ.

ಕಾಯುವುದಕ್ಕೂ ಬೆಲೆ ಇದೆ. ನಿಜ ಸುದ್ದಿಯ ಮೊದಲ ನಿಮಿಷಗಳ ಲಾಭ ಕೈತಪ್ಪುತ್ತದೆ. ಸ್ವಂತ ಹಣ ಹಾಕಿರುವ ಸಾಮಾನ್ಯ ಹೂಡಿಕೆದಾರರಿಗೆ ಆ ನಷ್ಟವೇ ವಾಸಿ. ಇಂಥ ಪ್ರೋಗ್ರಾಂ ಬರೆಯುವವರು ಕೆಲವು ತಿಂಗಳು ಹಣ ಹಾಕದೆ ಪ್ರತಿ ಶೀರ್ಷಿಕೆಯ ಅಂಕವನ್ನೂ ಒಂದು ಗಂಟೆಯ ನಂತರದ ಬೆಲೆಯನ್ನೂ ಬರೆದಿಟ್ಟು ನೋಡಲಿ. ಅಂಕ ತೋರಿದ ದಿಕ್ಕಿಗೆ ಬೆಲೆ ಸರಿದದ್ದು ಅರ್ಧಕ್ಕಿಂತ ಹೆಚ್ಚು ಸಲ ಇಲ್ಲದಿದ್ದರೆ, ಸುದ್ದಿಗೆ ಕೊಡಬೇಕಾದ ತೂಕ ಸೊನ್ನೆ.